ಸೆಂಟಿನೆಲ್-2 ಚಿತ್ರದಿಂದ ಕೆರೆ–ಕುಂಟೆಗಳ ನೀರಿನ ಅಂಚು: ನವೆಂಬರ್‌ನಿಂದ ಮೇವರೆಗೆ ಒಂದೇ ಗಡಿ ಅಂಕಿ ಸಾಕೇ?

ಕೋಡಿಹಳ್ಳ

ಮಾಲೂರು ಮತ್ತು ಮುಳಬಾಗಿಲು ತಾಲ್ಲೂಕಿನ ಸುಮಾರು 140 ಕೆರೆ, ಕುಂಟೆಗಳ ನೀರಿನ ಅಂಚನ್ನು ತಿಂಗಳಿಗೊಮ್ಮೆ ಗುರುತಿಸುತ್ತಿದ್ದೇನೆ. ಸೆಂಟಿನೆಲ್-2ರ ಎಲ್2ಎ ಚಿತ್ರ ಇಳಿಸಿಕೊಂಡು, ಹಸಿರು ಬ್ಯಾಂಡ್ B03 ಮತ್ತು ನಿಯರ್ ಇನ್‌ಫ್ರಾರೆಡ್ ಬ್ಯಾಂಡ್ B08 ತೆಗೆದುಕೊಂಡು, QGISನ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ನೀರಿನ ಸೂಚ್ಯಂಕ ಎನ್‌ಡಿಡಬ್ಲ್ಯುಐ ಅನ್ನು ಹೀಗೆ ಹಾಕುತ್ತೇನೆ:

```
("B03@1" - "B08@1") / ("B03@1" + "B08@1")
```

ಸೊನ್ನೆಗಿಂತ ಹೆಚ್ಚು ಬಂದದ್ದು ನೀರು, ಉಳಿದದ್ದು ನೆಲ. ಮೂರು ತೊಂದರೆ ಕಾಣುತ್ತಿವೆ. ಒಂದು, 2021ರ ನವೆಂಬರ್‌ನಲ್ಲಿ 0.40 ಇದ್ದ ಕೆರೆಯ ನಡುಭಾಗ 2022ರ ನವೆಂಬರ್‌ನಲ್ಲಿ 0.13ಕ್ಕೆ ಇಳಿದಿದೆ. ಎರಡೂ ವರ್ಷ ಕೋಡಿ ಹರಿದ ಕೆರೆಯೇ. ಎರಡು, ಮಳೆಯ ಮಾರನೇ ವಾರದ ಚಿತ್ರದಲ್ಲಿ ತುಂಬಿದ ಕುಂಟೆಗಳೇ ಮಾಯ. ಮೂರು, ಎಲ್ಲ ಕೆರೆಗಳ ಅಂಚೂ ಸ್ಥಳದಲ್ಲಿ ಜಿಪಿಎಸ್ ಹಿಡಿದು ನಡೆದ ಗೆರೆಗಿಂತ ಒಳಗೇ ಬರುತ್ತಿದೆ. ಬೇಸಿಗೆಗಿಂತ ನವೆಂಬರ್‌ನಲ್ಲಿ ಈ ವ್ಯತ್ಯಾಸ ಜಾಸ್ತಿ. ತಿಂಗಳಿಗೊಂದು ಗಡಿ ಅಂಕಿ ಇಟ್ಟುಕೊಳ್ಳಬಹುದೇ, ಅದು ತಪ್ಪಾಗುತ್ತದೆಯೇ?

ನಕ್ಷೆಪೆಟ್ಟಿಗೆ

ಹಸಿರು–ಎನ್‌ಐಆರ್ ಸೂಚ್ಯಂಕವನ್ನೇ ಬಿಟ್ಟುಬಿಡಿ. ಎನ್‌ಐಆರ್ ಬದಲು ಶಾರ್ಟ್‌ವೇವ್ ಇನ್‌ಫ್ರಾರೆಡ್ ಬ್ಯಾಂಡ್ B11 ಹಾಕಿ, ಅದು ಎಲ್ಲ ಕಡೆಯೂ ಚೆನ್ನಾಗಿ ಬರುತ್ತದೆ. 0.40ರಿಂದ 0.13ಕ್ಕೆ ಇಳಿದಿದ್ದರೆ ಕೆರೆಗೆ ಬಗ್ಗಡ ನೀರು ಬಂದಿರಬೇಕು, ಇಲ್ಲವೇ ಪಾಚಿ ಕಟ್ಟಿರಬೇಕು. ಗಡಿ ಅಂಕಿ 0.3 ಇಟ್ಟರೆ ಸುಳ್ಳು ನೀರು ಬರುವುದಿಲ್ಲ.

ತೂಬಿನ ಕಲ್ಲು

ಬಗ್ಗಡ ಅಂತ ತೀರ್ಮಾನಿಸುವ ಮೊದಲು ಆ ಎರಡು ಚಿತ್ರಗಳ ಮೂಲ ಅಂಕಿ ನೋಡಿ. 2022ರ ಜನವರಿ 25ರಿಂದ ಸೆಂಟಿನೆಲ್-2ರ ಸಂಸ್ಕರಣೆ 04.00 ಆವೃತ್ತಿಗೆ ಬದಲಾಯಿತು. ಆಗಿನಿಂದ ಪ್ರತಿ ಬ್ಯಾಂಡಿನ ಅಂಕಿಗೂ 1000 ಸೇರಿಸಿ ಕೊಡುತ್ತಾರೆ, ತೀರಾ ಕಪ್ಪು ಪಿಕ್ಸೆಲ್‌ಗಳು ಸೊನ್ನೆಗೆ ಕತ್ತರಿಸಿ ಹೋಗದಿರಲಿ ಅಂತ. ಪ್ರತಿಫಲನ ಬೇಕಾದರೆ ಮೊದಲು 1000 ಕಳೆದು ಆಮೇಲೆ 10000ದಿಂದ ಭಾಗಿಸಬೇಕು. ಚಿತ್ರದ ಮೆಟಾಡೇಟಾ ಫೈಲಿನಲ್ಲಿ `BOA_ADD_OFFSET` ಅಂತ ಹುಡುಕಿ, ‑1000 ಸಿಗುತ್ತದೆ.

ನಿಮ್ಮ ಅಂಕಿಯನ್ನೇ ತೆಗೆದುಕೊಳ್ಳೋಣ. ತಿಳಿನೀರಿನ ಪಿಕ್ಸೆಲ್ 2021ರಲ್ಲಿ ಹಸಿರು 700, ಎನ್‌ಐಆರ್ 300 ಅಂತಿಟ್ಟುಕೊಳ್ಳಿ. ವ್ಯತ್ಯಾಸ 400, ಮೊತ್ತ 1000, ಸೂಚ್ಯಂಕ 0.40. ಅದೇ ನೀರು 2022ರ ನವೆಂಬರ್‌ನಲ್ಲಿ 1700 ಮತ್ತು 1300 ಆಗಿ ಬರುತ್ತದೆ. ವ್ಯತ್ಯಾಸ ಈಗಲೂ 400, ಮೊತ್ತ ಮಾತ್ರ 3000. ಉತ್ತರ 0.13. ನಿಮ್ಮ ಕೆರೆಗೆ ಏನೂ ಆಗಿಲ್ಲ. ಸೇರಿಸಿದ ಸಾವಿರ ಕಳೆಯುವಾಗ ಮೇಲೆ ವಜಾ ಆಗುತ್ತದೆ, ಕೆಳಗೆ ಎರಡು ಸಾವಿರವಾಗಿ ಉಳಿದುಕೊಳ್ಳುತ್ತದೆ. ಹಾಗಾಗಿ ಹೊಸ ಚಿತ್ರಗಳಿಗೆ ಇಷ್ಟು ಬದಲಾಯಿಸಿ:

```
("B03@1" - "B08@1") / ("B03@1" + "B08@1" - 2000)
```

ಸೊನ್ನೆಯನ್ನೇ ಗಡಿಯಾಗಿಟ್ಟವರಿಗೆ ಈ ತಪ್ಪು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಚಿಹ್ನೆ ಬದಲಾಗುವುದಿಲ್ಲ. 0.3ರ ಗಡಿ ಇಟ್ಟವರಿಗೆ ಮಾತ್ರ 2022ರಿಂದ ಜಿಲ್ಲೆಯ ಕೆರೆಗಳೆಲ್ಲ ಬತ್ತಿದಂತೆ ಕಾಣುತ್ತದೆ. ಇನ್ನೊಂದು ಮಾತು: 2022ಕ್ಕಿಂತ ಹಳೆಯ ದಿನಾಂಕದ ಚಿತ್ರಗಳನ್ನೂ ಹೊಸ ಆವೃತ್ತಿಯಲ್ಲಿ ಮರುಸಂಸ್ಕರಿಸಿ ಇಟ್ಟಿದ್ದಾರೆ. ದಿನಾಂಕ ನೋಡಿ ನಿರ್ಧರಿಸಬೇಡಿ, ಫೈಲಿನ ಹೆಸರಿನಲ್ಲಿರುವ `N0400`, `N0500` ಥರದ ಸಂಖ್ಯೆ ನೋಡಿ. `N0400` ಮತ್ತು ಅದಕ್ಕಿಂತ ಹೆಚ್ಚಿನದಾದರೆ ಸಾವಿರ ಸೇರಿದೆ ಎಂದೇ ಅರ್ಥ.

ಕೋಡಿಹಳ್ಳ

ಹೌದು, ನನ್ನ 2021ರ ಫೈಲು `N0301`, 2022ರದ್ದು `N0400`. ಸರಿಪಡಿಸಿದ ಮೇಲೆ ಎರಡೂ ವರ್ಷ 0.38–0.41ರೊಳಗೆ ಬಂತು. 140 ಕೆರೆಗೂ ಒಟ್ಟಿಗೆ ಮಾಡೋಣ ಅಂತ `gdal_calc.py` ಬಳಸಿದೆ, `--type=Float32` ಕೊಟ್ಟಿದ್ದೇನೆ. ಆದರೆ ನೆಲವೆಲ್ಲ 27, 30 ಹೀಗೆ ಬರುತ್ತಿದೆ. ಈ ಸೂಚ್ಯಂಕ ‑1ರಿಂದ +1ರೊಳಗೆ ಇರಬೇಕಲ್ಲವೇ?

ಪಹಣಿ ಪಿಕ್ಸೆಲ್

ಬ್ಯಾಂಡ್‌ಗಳು ಋಣ ಚಿಹ್ನೆ ಹಿಡಿಯದ 16 ಬಿಟ್ ಪೂರ್ಣಾಂಕಗಳು. 1800ರಿಂದ 2600 ಕಳೆದರೆ ‑800 ಬರುವ ಬದಲು ಸುತ್ತು ಹೊಡೆದು 64736 ಆಗುತ್ತದೆ. ಅದನ್ನು 2400ರಿಂದ ಭಾಗಿಸಿ ನೋಡಿ, ನಿಮ್ಮ 27 ಅಲ್ಲೇ ಇದೆ. `--type` ಅನ್ನುವುದು ಉತ್ತರವನ್ನು ಬರೆಯುವ ರೂಪ ಮಾತ್ರ, ಲೆಕ್ಕ ಅದಕ್ಕೂ ಮೊದಲೇ ಮುಗಿದಿರುತ್ತದೆ. ಒಳಗೇ ಬದಲಾಯಿಸಬೇಕು:

```
gdal_calc.py -A B03.jp2 -B B08.jp2 --outfile=ndwi.tif --type=Float32 \
  --calc="(A.astype(float)-B)/(A.astype(float)+B-2000)"
```

ನಿಮ್ಮ ತಾಲ್ಲೂಕುಗಳಿಗೆ ಇನ್ನೊಂದು ಎಚ್ಚರಿಕೆ. 78 ಡಿಗ್ರಿ ಪೂರ್ವ ರೇಖಾಂಶ ಕೋಲಾರ ಜಿಲ್ಲೆಯ ಮೇಲೇ ಹಾದುಹೋಗುತ್ತದೆ. ಮಾಲೂರು ಪಟ್ಟಣ ಯುಟಿಎಂ 43ನೇ ವಲಯದಲ್ಲಿ, ಮುಳಬಾಗಿಲು 44ರಲ್ಲಿ. ಗಡಿಯ ಹತ್ತಿರದ ಕೆರೆಗಳು ಎರಡೂ ವಲಯದ ಟೈಲ್‌ಗಳಲ್ಲಿ, ಒಂದೇ ದಿನದ ಎರಡು ಚಿತ್ರಗಳಾಗಿ ಬರುತ್ತವೆ. ಎರಡರ ಪಿಕ್ಸೆಲ್ ಚೌಕಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಪ್ರತಿ ಕೆರೆಗೂ ಒಂದೇ ವಲಯ ಅಂತ ಮೊದಲೇ ಬರೆದಿಟ್ಟುಕೊಳ್ಳಿ, ಎರಡನ್ನೂ ಬೆರೆಸಬೇಡಿ.

ಜೋಳದ ಹೊಲ

ನನಗೆ ಗೊತ್ತಿರುವಂತೆ ಎನ್‌ಡಿಡಬ್ಲ್ಯುಐ ಅಂದರೆ ಬೆಳೆಯ ತೇವ. B8A ಮತ್ತು B11 ತೆಗೆದುಕೊಳ್ಳಬೇಕು. ಮುಸುಕಿನ ಜೋಳ ಬಾಡುವ ಮೊದಲೇ ಅಂಕಿ ಇಳಿಯುತ್ತದೆ, ನಾವು ಹಾಗೇ ನೋಡುವುದು. ಕೆರೆಗೆ ಇದನ್ನು ಹೇಗೆ ಬಳಸುತ್ತೀರಿ?

ತೂಬಿನ ಕಲ್ಲು

ಹೆಸರು ಒಂದೇ, ಸೂತ್ರ ಎರಡು. ನೀವು ಬಳಸುವುದು ಗಾವೊ 1996ರಲ್ಲಿ ಎಲೆಯೊಳಗಿನ ನೀರಿಗಾಗಿ ಕೊಟ್ಟದ್ದು. ಇಲ್ಲಿ ಮಾತಾಡುತ್ತಿರುವುದು ಅದೇ ವರ್ಷ ಮೆಕ್‌ಫೀಟರ್ಸ್ ತೆರೆದ ನೀರಿಗಾಗಿ ಕೊಟ್ಟ ಹಸಿರು–ಎನ್‌ಐಆರ್ ಸೂತ್ರ. ನಿಮ್ಮದರಲ್ಲಿ ಸೊಂಪಾದ ಕಬ್ಬಿನ ಗದ್ದೆಯೂ ಧನಾತ್ಮಕ ಬರುತ್ತದೆ, ಇದರಲ್ಲಿ ಅದೇ ಗದ್ದೆ ‑0.6ರ ಆಸುಪಾಸಿಗೆ ಹೋಗುತ್ತದೆ. ಬೇರೆಯವರು ಮಾಡಿಟ್ಟ ಪದರ ಕೈಗೆ ಬಂದರೆ ಒಂದು ಹಸಿರು ಹೊಲದ ಮೇಲೆ ಕ್ಲಿಕ್ ಮಾಡಿ ನೋಡಿ, ಯಾವ ಸೂತ್ರ ಅಂತ ತಿಳಿಯುತ್ತದೆ.

ನಕ್ಷೆಪೆಟ್ಟಿಗೆ

ಸಾವಿರದ ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ, ಒಪ್ಪಿದೆ. ಆದರೆ B11 ಬಗ್ಗೆ ನನ್ನ ಮಾತು ಹಾಗೇ ಇದೆ. ಬಗ್ಗಡ ನೀರಿನಲ್ಲಿ ಎನ್‌ಐಆರ್ ಏರುತ್ತದೆ, B11 ಏರುವುದಿಲ್ಲ.

ತೂಬಿನ ಕಲ್ಲು

ಅದು ನಿಜ, ಕೋಡಿಹಳ್ಳ ಅವರ ಎರಡನೇ ಪ್ರಶ್ನೆಗೆ ಉತ್ತರವೂ ಅದೇ. ಮಳೆಯಾದ ವಾರ ಕೆಮ್ಮಣ್ಣು ಕಲಸಿದ ಕುಂಟೆಯ ನೀರಿನಲ್ಲಿ ಹಸಿರು 0.12, ಎನ್‌ಐಆರ್ 0.11 ಹೀಗೆ ಬರುತ್ತದೆ. ಸೂಚ್ಯಂಕ 0.04. ಮಣ್ಣು ಇನ್ನೊಂದಿಷ್ಟು ಹೆಚ್ಚಿದರೆ ಸೊನ್ನೆಯ ಕೆಳಗೆ ಜಾರುತ್ತದೆ, ನಿಮ್ಮ ನಕ್ಷೆಯಿಂದ ಕುಂಟೆ ಮಾಯವಾಗುತ್ತದೆ. ಹತ್ತು ಹದಿನೈದು ದಿನ ಬಿಟ್ಟು, ಮಣ್ಣು ತಳ ಕಂಡ ಮೇಲಿನ ಚಿತ್ರದಲ್ಲಿ ಅದೇ ಕುಂಟೆ ಮತ್ತೆ ಮೂಡುತ್ತದೆ. ಕೆ.ಸಿ. ವ್ಯಾಲಿ ನೀರು ಹರಿಯುವ ಕೆರೆಗಳಲ್ಲಿ ಮಣ್ಣಿನ ಬದಲು ಪಾಚಿ ಇದೇ ಕೆಲಸ ಮಾಡುತ್ತದೆ. ಹಸಿರು 0.09, ಎನ್‌ಐಆರ್ 0.10 ಆದರೆ ತುಂಬಿದ ಕೆರೆಯೇ ‑0.05.

ಹಾಗಂತ B11ಕ್ಕೆ ಪೂರಾ ಹೋಗಲು ನಾನು ಹೇಳುವುದಿಲ್ಲ. B03, B08 ಎರಡೂ 10 ಮೀಟರ್ ಪಿಕ್ಸೆಲ್, B11 ಮಾತ್ರ 20 ಮೀಟರ್. ಇಪ್ಪತ್ತು ಎಕರೆ ಕೆರೆಗೆ ಅದು ನಡೆಯುತ್ತದೆ. ಎರಡು ಎಕರೆ ಕುಂಟೆಗೆ 20 ಪಿಕ್ಸೆಲ್ ಬರುತ್ತವೆ, ಅದರಲ್ಲಿ ಮುಕ್ಕಾಲು ಪಾಲು ದಡ ಬೆರೆತವೇ. ನೀರು ಇದೆಯೋ ಇಲ್ಲವೋ ಎಂಬುದಕ್ಕೆ B11 ಕೇಳಿ, ಅಂಚು ಎಲ್ಲಿದೆ ಎಂಬುದಕ್ಕೆ B08.

ಪಹಣಿ ಪಿಕ್ಸೆಲ್

ಇಲ್ಲಿ ಗುಂಟೆ ಲೆಕ್ಕ ಹಿಡಿದರೆ ತುಂಬ ಸುಲಭ. ಒಂದು ಗುಂಟೆ 101.17 ಚದರ ಮೀಟರ್, 10 ಮೀಟರಿನ ಪಿಕ್ಸೆಲ್ 100 ಚದರ ಮೀಟರ್. ಅಂದರೆ ಒಂದು ಪಿಕ್ಸೆಲ್ ಹೆಚ್ಚುಕಡಿಮೆ ಒಂದು ಗುಂಟೆ. ಪಿಕ್ಸೆಲ್ ಎಣಿಸಿದರೆ ಪಹಣಿಯ ವಿಸ್ತೀರ್ಣಕ್ಕೆ ನೇರವಾಗಿ ಹೋಲಿಸಬಹುದು, ತಪ್ಪು ನೂರಕ್ಕೆ ಒಂದೇ ಒಂದು. 21×21 ಮೀಟರಿನ ಕೃಷಿ ಹೊಂಡಕ್ಕೆ ಸುಮಾರು 4.4 ಗುಂಟೆ ಬಂತು. ಅದರಲ್ಲಿ ಪೂರ್ತಿ ನೀರೇ ಇರುವ ಪಿಕ್ಸೆಲ್ ಒಂದೋ ಎರಡೋ, ಕೆಲವೊಮ್ಮೆ ಒಂದೂ ಇಲ್ಲ. ಅದರ ಅಂಚು ಬರೆಯುವ ಆಸೆ ಬಿಡಬೇಕು.

ಪಂಚಾಯ್ತಿ ಕಟ್ಟೆ

ನಮಸ್ಕಾರ. ನಮ್ಮೂರ ಕೆರೆಯಲ್ಲಿ ಈಗ ಎಷ್ಟು ಅಡಿ ನೀರಿದೆ ಅಂತ ಇದರಿಂದ ಹೇಳಬಹುದಾ? ಮೀನು ಹರಾಜಿಗೆ ಮೊದಲು ತಿಳಿಯಬೇಕಿತ್ತು.

ತೂಬಿನ ಕಲ್ಲು

ಅಡಿ ಹೇಳುವುದಿಲ್ಲ ಸರ್, ಹರವು ಮಾತ್ರ ಹೇಳುತ್ತದೆ. ಕೆರೆ ಬತ್ತಿದಾಗ ಅಂಗಳದ ಮಟ್ಟ ಅಳತೆ ಮಾಡಿಸಿ, ಯಾವ ಮಟ್ಟಕ್ಕೆ ಎಷ್ಟು ಗುಂಟೆ ಮುಳುಗುತ್ತದೆ ಎಂಬ ಪಟ್ಟಿ ಇದ್ದರೆ ಹರವಿನಿಂದ ಮಟ್ಟಕ್ಕೆ ಹೋಗಬಹುದು. ಹೂಳೆತ್ತಿದ ಮೇಲೆ ಆ ಪಟ್ಟಿ ನಡೆಯುವುದಿಲ್ಲ, ಹೊಸದಾಗಿ ಅಳೆಸಬೇಕು. ಸದ್ಯಕ್ಕೆ ತೂಬಿನ ಹತ್ತಿರ ಕೋಲು ಇಳಿಸಿ ನೋಡುವುದೇ ಸರಿಯಾದ ದಾರಿ.

ಪಂಚಾಯ್ತಿ ಕಟ್ಟೆ

ಸರಿ ಸರ್, ಹಾಗೇ ಮಾಡುತ್ತೇವೆ.

ತೂಬಿನ ಕಲ್ಲು

ಈಗ ಮೂರನೇ ಪ್ರಶ್ನೆ, ಅಂಚು ಒಳಗೆ ಸರಿಯುವುದು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಋತುಗಳ ಹೋಲಿಕೆ ಕೆಡುವುದು ಇಲ್ಲೇ.

ದಡದ ಪಿಕ್ಸೆಲ್‌ನಲ್ಲಿ ಅರ್ಧ ನೀರು, ಅರ್ಧ ಹುಲ್ಲು ಇದೆ ಎನ್ನಿ. ನೀರಿನ ಹಸಿರು 0.07, ಎನ್‌ಐಆರ್ 0.03. ನವೆಂಬರ್‌ನ ಹಸಿ ಹುಲ್ಲಿನ ಹಸಿರು 0.06, ಎನ್‌ಐಆರ್ 0.30. ಉಪಗ್ರಹಕ್ಕೆ ಕಾಣುವುದು ಎರಡರ ಸರಾಸರಿ: 0.065 ಮತ್ತು 0.165. ಸೂಚ್ಯಂಕ ‑0.43. ಅರ್ಧ ನೀರಿದ್ದರೂ ಪಿಕ್ಸೆಲ್ ಪೂರಾ ಹುಲ್ಲಿನ ಕಡೆಗೇ ವಾಲಿತು, ಹುಲ್ಲಿನ ಎನ್‌ಐಆರ್ ಅಷ್ಟು ಜೋರು. ಸೂಚ್ಯಂಕ ಸೊನ್ನೆ ಮುಟ್ಟಬೇಕಾದರೆ ಆ ಪಿಕ್ಸೆಲ್‌ನಲ್ಲಿ ಶೇ 86ರಷ್ಟು ನೀರೇ ಇರಬೇಕು. ಏಪ್ರಿಲ್‌ನಲ್ಲಿ ನೀರು ಹಿಂದೆ ಸರಿದು ದಡದಲ್ಲಿ ಹಸಿ ಕೆಸರು ಇರುತ್ತದೆ, ಹಸಿರು 0.08, ಎನ್‌ಐಆರ್ 0.16. ಆಗ ಶೇ 67 ನೀರಿದ್ದರೂ ಸೊನ್ನೆ ಮುಟ್ಟುತ್ತದೆ.

ನವೆಂಬರ್‌ನಲ್ಲಿ ವ್ಯತ್ಯಾಸ ಜಾಸ್ತಿ ಎಂದು ನೀವು ಬರೆದದ್ದು ಇದೇ. 90×90 ಮೀಟರಿನ ಎರಡು ಎಕರೆ ಕುಂಟೆಯಲ್ಲಿ 81 ಪಿಕ್ಸೆಲ್, ಅದರಲ್ಲಿ ಹೊರಸುತ್ತಿನವು 32. ಪ್ರತಿ ದಡದ ಪಿಕ್ಸೆಲ್‌ನಲ್ಲಿ ಸರಾಸರಿ 0.36 ಪಿಕ್ಸೆಲ್ ಕಳೆದುಕೊಂಡರೆ 11 ಗುಂಟೆ ಹೋಯಿತು. ಏಪ್ರಿಲ್‌ನಲ್ಲಿ ಕಳೆದುಕೊಳ್ಳುವುದು ಇದರ ಅರ್ಧದಷ್ಟು. ಹೀಗಾಗಿ ಕೆರೆ ನಿಜವಾಗಿ ಬತ್ತಿದ್ದಕ್ಕಿಂತ ಕಡಿಮೆ ಬತ್ತಿದಂತೆ ಲೆಕ್ಕ ಬರುತ್ತದೆ.

ಗಡಿ ಅಂಕಿಯನ್ನು ‑0.43ಕ್ಕೆ ಇಳಿಸಿದರೆ ನವೆಂಬರ್ ಸರಿಯಾಯಿತು, ಆದರೆ ಹಸಿ ಕೆಸರೇ ‑0.33. ಏಪ್ರಿಲ್‌ನಲ್ಲಿ ಕೆಸರೆಲ್ಲ ನೀರಾಗಿಬಿಡುತ್ತದೆ. ಅದಕ್ಕೇ ದಡದ ಪಿಕ್ಸೆಲ್‌ಗಳಿಗೆ ಸೂಚ್ಯಂಕ ಬಿಟ್ಟು ಎನ್‌ಐಆರ್ ಒಂದನ್ನೇ ಬಳಸುವುದು ಮೇಲು. ಕೆರೆಯ ನಡುವಿನ ಎನ್‌ಐಆರ್ ಮತ್ತು ದಡದಾಚೆ ಎರಡು ಪಿಕ್ಸೆಲ್ ದೂರದ ನೆಲದ ಎನ್‌ಐಆರ್ ಗುರುತು ಹಾಕಿಕೊಳ್ಳಿ. ದಡದ ಪಿಕ್ಸೆಲ್‌ನ ಅಂಕಿ ಇವೆರಡರ ನಡುವೆ ಎಲ್ಲಿ ಬೀಳುತ್ತದೋ ಅದೇ ನೀರಿನ ಪಾಲು. ಮೇಲಿನ ಉದಾಹರಣೆಯಲ್ಲಿ 0.30 ಮತ್ತು 0.03ರ ನಡುವೆ 0.165 ಬಂತು, ಸರಿಯಾಗಿ ಅರ್ಧ. ಈ ಪಾಲುಗಳನ್ನು ಕೂಡಿಸಿದರೆ ಗುಂಟೆ ಲೆಕ್ಕ ಸಿಗುತ್ತದೆ. ಅಂಚಿನ ಗೆರೆ ಬೇಕಾದರೆ ಪಾಲು 0.5 ಇರುವಲ್ಲಿ ಎಳೆಯಿರಿ.

ನಕ್ಷೆಪೆಟ್ಟಿಗೆ

ಇಷ್ಟೆಲ್ಲ ಯಾಕೆ? ಓಟ್ಸು ವಿಧಾನ ಹಾಕಿದರೆ ಪ್ರತಿ ಚಿತ್ರಕ್ಕೂ ಗಡಿ ಅಂಕಿಯನ್ನು ಅದೇ ಹುಡುಕಿಕೊಡುತ್ತದೆ.

ಪಹಣಿ ಪಿಕ್ಸೆಲ್

ನೀರೂ ನೆಲವೂ ಹೆಚ್ಚುಕಡಿಮೆ ಸಮ ಇದ್ದಾಗ ಚೆನ್ನಾಗಿ ಹುಡುಕುತ್ತದೆ. ಇಡೀ ಟೈಲ್ ಕೊಟ್ಟರೆ ನೀರು ನೂರರಲ್ಲಿ ಒಂದು ಪಾಲೂ ಇರುವುದಿಲ್ಲ, ಅದು ಹೊಲ ಮತ್ತು ಬೋಳು ನೆಲದ ನಡುವೆ ಗಡಿ ಹಾಕುತ್ತದೆ. ಕೆರೆಯ ಗಡಿಯಿಂದ 50 ಮೀಟರ್ ಆಚೆವರೆಗೆ ಮಾತ್ರ ಕತ್ತರಿಸಿ ಕೊಡಬೇಕು. ಅದಕ್ಕಿಂತ ದೊಡ್ಡ ತೊಂದರೆ ಬತ್ತಿದ ಕೆರೆಯಲ್ಲಿ. ನೀರೇ ಇಲ್ಲದಿದ್ದರೂ ಓಟ್ಸು ಎರಡು ಗುಂಪು ಮಾಡಿಯೇ ತೀರುತ್ತದೆ, ಹಸಿ ಕೆಸರನ್ನು ನೀರು ಅಂತ ಕೊಡುತ್ತದೆ. "ನೀರು" ಗುಂಪಿನ ಸರಾಸರಿ ಸೂಚ್ಯಂಕ ‑0.1ಕ್ಕಿಂತ ಕೆಳಗಿದ್ದರೆ ಆ ದಿನ ಕೆರೆ ಖಾಲಿ ಎಂದು ಬರೆಯಿರಿ, ಅನುಮಾನವಿದ್ದರೆ B11 ನೋಡಿ.

ಕೋಡಿಹಳ್ಳ

ಒಂದು ಕೆರೆಗೆ ಇಷ್ಟನ್ನೂ ಮಾಡಿ ನೋಡಿದೆ. ಮುಳಬಾಗಿಲು ಕಡೆಯದು, ಗಡಿಯೊಳಗೆ 612 ಪಿಕ್ಸೆಲ್. ನವೆಂಬರ್ ನಡುವಿನ ಚಿತ್ರದಲ್ಲಿ ಸೊನ್ನೆ ಗಡಿಗೆ 389 ಗುಂಟೆ, ದಡಕ್ಕೆ ಎನ್‌ಐಆರ್ ಪಾಲು ಹಾಕಿದರೆ 431. ಜಿಪಿಎಸ್ ಗೆರೆಯೊಳಗೆ 438. ಜನವರಿಯಲ್ಲಿ 296 ಮತ್ತು 318. ಮಾರ್ಚ್ ಕೊನೆಯಲ್ಲಿ 114 ಮತ್ತು 122. ಮೇ ತಿಂಗಳಲ್ಲಿ ಓಟ್ಸು 70 ಗುಂಟೆ ನೀರು ಕೊಟ್ಟಿತು, ಆ ಗುಂಪಿನ ಸರಾಸರಿ ‑0.29. ಖಾಲಿ ಎಂದು ಬರೆದುಕೊಂಡೆ.

ಆದರೆ ಫೆಬ್ರವರಿಯಲ್ಲಿ 161 ಬಂದಿದೆ. ಜನವರಿಯ 318ರಿಂದ ಅಷ್ಟು ಬೇಗ ಇಳಿಯಲು ಸಾಧ್ಯವೇ? ತೂಬು ಎತ್ತಿಲ್ಲ ಅಂತ ಊರಿನವರು ಹೇಳುತ್ತಾರೆ. ಮೋಡಕ್ಕೆ SCL ಪದರದ 3, 8, 9, 10 ತೆಗೆದುಹಾಕಿದ್ದೇನೆ.

ತೂಬಿನ ಕಲ್ಲು

ಗಡಿಯೊಳಗಿನ 612ರಲ್ಲಿ ಫೆಬ್ರವರಿ ಚಿತ್ರಕ್ಕೆ ಎಷ್ಟು ಪಿಕ್ಸೆಲ್ ಉಳಿದಿವೆ, ಎಣಿಸಿ ಹೇಳಿ.

ಕೋಡಿಹಳ್ಳ

468.

ತೂಬಿನ ಕಲ್ಲು

ಅಂದರೆ 144 ಪಿಕ್ಸೆಲ್ ಮುಖವಾಡದೊಳಗೆ ಹೋಗಿವೆ. ಕಪ್ಪಗಿರುವ ನೀರನ್ನು SCL ಎಷ್ಟೋ ಸಲ 3 ಎಂದು, ಮೋಡದ ನೆರಳು ಎಂದು ಗುರುತಿಸುತ್ತದೆ. ಆಕಾಶ ಶುಭ್ರವಾಗಿದ್ದರೂ ಹೀಗಾಗುತ್ತದೆ. ನೀವು ತೆಗೆದುಹಾಕಿದ್ದು ನೀರನ್ನೇ. ನಿಜವಾದ ನೆರಳಾದರೆ ಅದರ ಮೋಡ ಹತ್ತಿರದಲ್ಲೇ ಇರಬೇಕು, ಬೆಳಗಿನ ಬಿಸಿಲು ಬರುವ ಆಗ್ನೇಯ ದಿಕ್ಕಿನಲ್ಲಿ ಹುಡುಕಿ. ಮೋಡ ಇಲ್ಲದಿದ್ದರೆ ಅದು ನೆರಳಲ್ಲ. ಹಾಗಂತ ಮುಖವಾಡವನ್ನೇ ಬಿಡಲಾಗದು, ದಟ್ಟ ಮೋಡದಲ್ಲಿ ಹಸಿರು ಮತ್ತು ಎನ್‌ಐಆರ್ ಹೆಚ್ಚುಕಡಿಮೆ ಸಮ ಇರುವುದರಿಂದ ಸೂಚ್ಯಂಕ ಸೊನ್ನೆಯ ಆಚೀಚೆ ಓಲಾಡಿ ಸುಳ್ಳು ಕೆರೆ ಹುಟ್ಟಿಸುತ್ತದೆ.

ಅರ್ತ್ ಎಂಜಿನ್ ಬಳಸುವುದಾದರೆ SCL ಬದಲು ಕ್ಲೌಡ್ ಸ್ಕೋರ್ ಪ್ಲಸ್ ಇದೆ. `HARMONIZED` ಸಂಗ್ರಹದಲ್ಲಿ ಆ ಸಾವಿರವನ್ನೂ ಕಳೆದೇ ಕೊಟ್ಟಿರುತ್ತಾರೆ, ಅಲ್ಲಿ ಇನ್ನೊಮ್ಮೆ ಕಳೆಯಬೇಡಿ.

```
var cs = ee.ImageCollection('GOOGLE/CLOUD_SCORE_PLUS/V1/S2_HARMONIZED');
var s2 = ee.ImageCollection('COPERNICUS/S2_SR_HARMONIZED')
  .filterBounds(kere)
  .filterDate('2023-11-01', '2024-06-01')
  .linkCollection(cs, ['cs_cdf'])
  .map(function(im) {
    return im.normalizedDifference(['B3', 'B8']).rename('ndwi')
      .updateMask(im.select('cs_cdf').gte(0.6))
      .copyProperties(im, ['system:time_start']);
  });
```

ಯಾವ ಮುಖವಾಡವಾದರೂ ಸರಿ, ಪ್ರತಿ ದಿನಾಂಕಕ್ಕೂ ಎರಡು ಅಂಕಿ ಬರೆದಿಡಿ: ನೀರಿನ ಪಿಕ್ಸೆಲ್ ಎಷ್ಟು, ಕಂಡ ಪಿಕ್ಸೆಲ್ ಎಷ್ಟು. ಗಡಿಯೊಳಗೆ ಶೇ 95ಕ್ಕಿಂತ ಕಡಿಮೆ ಕಂಡ ದಿನವನ್ನು ಪಟ್ಟಿಯಿಂದ ಬಿಡಿ. ಕಾಣದ್ದನ್ನು ಒಣ ಎಂದು ಎಣಿಸಬಾರದು. ಮೂರು ತಿಂಗಳ ಮೀಡಿಯನ್ ಚಿತ್ರವೂ ಬೇಡ, ಇಳಿಯುತ್ತಿರುವ ಕೆರೆಯಲ್ಲಿ ಅದು ಯಾವ ದಿನದ ಅಂಚೂ ಅಲ್ಲ.

ಕೋಡಿಹಳ್ಳ

ಫೆಬ್ರವರಿ ಸರಿಹೋಯಿತು. 612ಕ್ಕೆ 609 ಕಂಡಿವೆ, ನೀರು 227. ಈಗ ಇಳಿಕೆ ಹದವಾಗಿದೆ. ಇನ್ನು ಉಳಿದದ್ದು ಆಪು ಮತ್ತು ಅಂತರಗಂಗೆ ತುಂಬಿದ ಹತ್ತು ಹನ್ನೆರಡು ಕೆರೆಗಳು. ಅಲ್ಲಿ ಸೂಚ್ಯಂಕ ‑0.6, ಕೆಳಗೆ ಆಳುದ್ದ ನೀರಿದೆ.

ನಕ್ಷೆಪೆಟ್ಟಿಗೆ

ಏಪ್ರಿಲ್‌ನಲ್ಲಿ ಸುತ್ತಲೂ ಒಣಗಿದಾಗ ಅಂಗಳದಲ್ಲಿ ಹಸಿರು ಉಳಿದಿದ್ದರೆ ಅದರಡಿ ನೀರಿದೆ ಎಂದು ಹಿಡಿಯಬಹುದಲ್ಲ?

ಪಹಣಿ ಪಿಕ್ಸೆಲ್

ಬಳ್ಳಾರಿ ಜಾಲಿ ಇಲ್ಲದ ಕೆರೆಯಾದರೆ ಹಿಡಿಯಬಹುದು. ಜಾಲಿ ಏಪ್ರಿಲ್‌ನಲ್ಲೂ ಹಸಿರೇ, ಅದರಡಿ ನೆಲ ಬಿರುಕು ಬಿಟ್ಟಿರುತ್ತದೆ. ಅದೇ ಜಾಲಿ ನವೆಂಬರ್‌ನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿರುತ್ತದೆ, ಆಗಲೂ ಸೂಚ್ಯಂಕಕ್ಕೆ ಕಾಣುವುದು ಎಲೆ ಮಾತ್ರ. ಕೋಡಿಹಳ್ಳ ಅವರ 431 ಮತ್ತು 438ರ ನಡುವಿನ ಏಳು ಗುಂಟೆ ಅಲ್ಲೇ ಹೋಗಿರಬಹುದು.

ತೂಬಿನ ಕಲ್ಲು

ಅಂತರಗಂಗೆ ಗಾಳಿಗೆ ಜಾಗ ಬದಲಾಯಿಸುತ್ತದೆ, ಜಾಲಿ ಬದಲಾಯಿಸುವುದಿಲ್ಲ. ಐದೈದು ದಿನದ ಚಿತ್ರಗಳಲ್ಲಿ ಹಸಿರು ತೇಪೆ ಅತ್ತಿತ್ತ ಸರಿದಿದ್ದರೆ ಅದರಡಿ ನೀರು ಖಂಡಿತ. ಕೆರೆ ಪೂರ್ತಿ ಮುಚ್ಚಿಕೊಂಡಿದ್ದರೆ ಅಥವಾ ಬೇರು ಬಿಟ್ಟು ನಿಂತ ಆಪು ಆದರೆ ಈ ಉಪಾಯವೂ ನಡೆಯುವುದಿಲ್ಲ. ಅಂಥ ಕೆರೆಗಳಿಗೆ ಪಟ್ಟಿಯಲ್ಲಿ ಬೇರೆ ಕಾಲಂ ಇಟ್ಟು "ಕಳೆ ಮುಚ್ಚಿದೆ" ಎಂದೇ ಬರೆಯುವುದು ಸರಿ ಅನ್ನಿಸುತ್ತದೆ. ಸೊನ್ನೆ ಬರೆದರೆ ತಪ್ಪಾಗುತ್ತದೆ.

ಕೋಡಿಹಳ್ಳ

ಹಾಗೇ ಬರೆದಿದ್ದೇನೆ, ಒಟ್ಟು 11 ಕೆರೆ. ಅವುಗಳಲ್ಲಿ ನಾಲ್ಕರಲ್ಲಿ ತೇಪೆ ಸರಿದಿರುವುದು ಡಿಸೆಂಬರ್ ಚಿತ್ರಗಳಲ್ಲಿ ಕಾಣುತ್ತಿದೆ. ಉಳಿದ ಏಳಕ್ಕೆ ರೇಡಾರ್ ಚಿತ್ರ ನೋಡಿದವರು ಯಾರಾದರೂ ಇದ್ದರೆ, ಆಪು ನಿಂತ ನೀರಿನಲ್ಲಿ ವಿವಿ ಅಂಕಿ ಎಷ್ಟು ಬಂತು ಅಂತ ತಿಳಿಸಿ.